ಬೀಗ ಒಡೆದ ಮನೆ, ಬಿಲ್ಲಿಲ್ಲದ ಬಂಗಾರ

ಹೀಗೊಂದು ಮನೆ ಅಂದುಕೊಳ್ಳಿ. ಮೈಸೂರಿನ ಮೇಷ್ಟ್ರ ಸಂಸಾರ ದೀಪಾವಳಿಗೆ ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದಿದೆ. ಹಿತ್ತಲ ಬಾಗಿಲ ಚಿಲಕ ಕಿತ್ತು ನೇತಾಡುತ್ತಿದೆ. ಬೀರುವಿನ ಬಾಗಿಲನ್ನು ಯಾರೋ ಮೀಟಿ ತೆಗೆದಿದ್ದಾರೆ, ಸೀರೆಗಳೆಲ್ಲ ಮಂಚದ ಮೇಲೆ ಹರಡಿವೆ. ಬಂದ ಪೊಲೀಸರು ಕೇಳುವ ಮೊದಲ ಪ್ರಶ್ನೆ, “ಎಷ್ಟು ಗ್ರಾಂ ಹೋಗಿದೆ ಮೇಡಂ?” ಮೇಷ್ಟ್ರ ಹೆಂಡತಿ ಅಳುತ್ತಲೇ ಹೇಳುತ್ತಾರೆ, “ಒಂದು ನೂರು ಇರಬಹುದು ಸಾರ್.” ದೂರಿನಲ್ಲಿ ‘ಸುಮಾರು 100 ಗ್ರಾಂ ಚಿನ್ನಾಭರಣ’ ಎಂದು ಬರೆದಾಯಿತು.

ಮನೆಗೆ ಕಳ್ಳತನದ ವಿಮೆ ಇದೆ. ಆದರೆ ಕ್ಲೇಮು ಎಡವುವುದು ಈ ‘ಸುಮಾರು’ ಎಂಬ ಪದದಲ್ಲೇ.

ಅದಕ್ಕೂ ಮೊದಲು ಒಂದು ಮಾತು. ಮನೆಗೆ ವಿಮೆ ಇದೆ ಎಂದ ಮಾತ್ರಕ್ಕೆ ಕಳ್ಳತನಕ್ಕೂ ವಿಮೆ ಇದೆ ಎಂದಲ್ಲ. 2021ರ ಏಪ್ರಿಲ್‌ನಿಂದ ವಿಮಾ ಕಂಪನಿಗಳು ಮಾರುತ್ತಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಮುಖ್ಯವಾಗಿ ಬೆಂಕಿ, ನೆರೆ, ಭೂಕಂಪದಂಥ ಅನಾಹುತಗಳಿಗೆ ಮಾಡಿದ್ದು. ಅಂಥ ಅನಾಹುತದ ಬೆನ್ನಿಗೇ ಏಳು ದಿನಗಳೊಳಗೆ ನಡೆದ ಕಳ್ಳತನಕ್ಕಷ್ಟೇ ಅದು ದುಡ್ಡು ಕೊಡುತ್ತದೆ. ನಮ್ಮ ಮೇಷ್ಟ್ರು ‘ಬರ್ಗ್ಲರಿ’ ರಕ್ಷಣೆಯನ್ನು ಪ್ರತ್ಯೇಕವಾಗಿ ಸೇರಿಸಿಕೊಂಡಿದ್ದರು.

ಬರ್ಗ್ಲರಿ ಎಂದರೆ ಬರೀ ಕಳ್ಳತನವಲ್ಲ, ಬಲ ಪ್ರಯೋಗಿಸಿ ಒಳನುಗ್ಗಿ ಮಾಡಿದ ಕಳ್ಳತನ. ಪಾಲಿಸಿಯಲ್ಲಿ ಹಾಗೆ ಬರೆದಿದ್ದರೆ ಬಲಪ್ರಯೋಗ ನಡೆದದ್ದು ಕಾಣಲೇಬೇಕು ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ತೆರೆದ ಬಾಗಿಲಲ್ಲಿ ಬಂದು ಎತ್ತಿಕೊಂಡು ಹೋದರೆ, ಕೆಲಸದವರು ಅಥವಾ ಮನೆಯವರೇ ತೆಗೆದಿದ್ದರೆ ಹಲವು ಪಾಲಿಸಿಗಳು ಕೈಚೆಲ್ಲುತ್ತವೆ. ಹಾಗಾಗಿ ಮುರಿದ ಚಿಲಕವೇ ಇಲ್ಲಿ ದೊಡ್ಡ ಸಾಕ್ಷಿ. ಪೊಲೀಸರು ಬರೆಯುವ ಸ್ಥಳ ಮಹಜರಿನಲ್ಲಿ ‘ಹಿತ್ತಲ ಬಾಗಿಲ ಚಿಲಕ ಕಿತ್ತಿದೆ, ಬೀರು ಮೀಟಿದ ಗುರುತಿದೆ’ ಎಂಬುದು ದಾಖಲಾಗಬೇಕು. ಅದು ಮುಗಿಯುವ ತನಕ ಏನನ್ನೂ ಮುಟ್ಟಬಾರದು. ಮುಗಿದ ಮೇಲೂ ಫೋಟೊ ತೆಗೆದುಕೊಂಡೇ ಬಾಗಿಲು ರಿಪೇರಿ ಮಾಡಿಸಿ, ಕಿತ್ತ ಚಿಲಕವನ್ನು ಸರ್ವೇಯರ್‌ಗೆ ತೋರಿಸಲು ಎತ್ತಿಡಬೇಕು. ಅದೇ ದಿನ ವಿಮಾ ಕಂಪನಿಗೆ ಫೋನ್ ಮಾಡಿ, ಒಂದು ಇಮೇಲನ್ನೂ ಕಳಿಸಬೇಕು.

ಠಾಣೆಯಿಂದ ಪಡೆಯಬೇಕಾದದ್ದು ಎಫ್‌ಐಆರ್ ಪ್ರತಿ. ದೂರು ಕೊಟ್ಟವರಿಗೆ ಅದನ್ನು ಉಚಿತವಾಗಿ ಕೊಡಬೇಕೆಂದು ಕಾನೂನೇ ಹೇಳುತ್ತದೆ. ದೂರಿಗೆ ಕೊಡುವ ಸ್ವೀಕೃತಿ ಚೀಟಿ ಎಫ್‌ಐಆರ್ ಅಲ್ಲ. ಕಳೆದುಹೋದ ವಸ್ತುಗಳಿಗೆ ಆನ್‌ಲೈನಿನಲ್ಲಿ ಸಿಗುವ ‘ಇ-ಲಾಸ್ಟ್’ ವರದಿಯಂತೂ ಅಲ್ಲವೇ ಅಲ್ಲ. ಕಳುವಾದದ್ದನ್ನು ‘ಕಳೆದುಹೋಗಿದೆ’ ಎಂದು ಬರೆಸಿದರೆ ಕ್ಲೇಮನ್ನು ನಾವೇ ಕೆಡಿಸಿಕೊಂಡಂತೆ.

ಈಗ ಆ ನೂರು ಗ್ರಾಂ ವಿಷಯ. ಸಂಜೆ ಅಕ್ಕಿ ಡಬ್ಬಕ್ಕೆ ಕೈ ಹಾಕಿದಾಗ ಬಟ್ಟೆಯಲ್ಲಿ ಸುತ್ತಿಟ್ಟಿದ್ದ 40 ಗ್ರಾಂ ಒಡವೆ ಹಾಗೇ ಸಿಕ್ಕಿತು. ಹೋದದ್ದು ಬೀರುವಿನಲ್ಲಿದ್ದ ಎರಡು ಬಳೆ, ಒಂದು ಅವಲಕ್ಕಿ ಸರ, ಒಂದು ಕಲ್ಲಿನ ನೆಕ್ಲೇಸ್ ಮಾತ್ರ. ಎಫ್‌ಐಆರ್‌ನಲ್ಲಿ ನೂರು, ಕ್ಲೇಮ್ ಫಾರ್ಮಿನಲ್ಲಿ ಅರವತ್ತು ಎಂದಿದ್ದರೆ ಸರ್ವೇಯರ್ ಹುಬ್ಬೇರಿಸುತ್ತಾರೆ. ಮೊದಲು ಅರವತ್ತೆಂದು ಆಮೇಲೆ ನೂರೆಂದರಂತೂ ಅನುಮಾನ ಇನ್ನೂ ಹೆಚ್ಚು. ಒಂದೆರಡು ದಿನದಲ್ಲೇ ಠಾಣೆಗೆ ಹೋಗಿ, ಪ್ರತಿ ಒಡವೆಯ ಹೆಸರು, ತೂಕ, ಗುರುತು ಬರೆದ ಪಟ್ಟಿಯೊಡನೆ ಪೂರಕ ಹೇಳಿಕೆ ಕೊಡುವುದೇ ದಾರಿ. ಅದರ ಪ್ರತಿಗೆ ಠಾಣೆಯ ಸೀಲು ಹಾಕಿಸಿಕೊಂಡು, ಅದೇ ಪಟ್ಟಿಯನ್ನು ವಿಮಾ ಕಂಪನಿಗೂ ಕೊಡಬೇಕು.

ಇನ್ನು ಅವು ನಮ್ಮವೇ ಎನ್ನುವುದಕ್ಕೆ ಪುರಾವೆ. ಬಳೆ 2023ರ ಕೊನೆಯಲ್ಲಿ ಕೊಂಡದ್ದು, ಬಿಲ್ಲಿದೆ, ತೂಕ 24 ಗ್ರಾಂ. ಬಿಲ್ಲಿನಲ್ಲಿ ಎಚ್‌ಯುಐಡಿ ಎಂಬ ಆರಕ್ಷರದ ಹಾಲ್‌ಮಾರ್ಕ್ ಸಂಖ್ಯೆಯೂ ಇದೆ. ಅದನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಒಡವೆಯ ಬಗೆ, ಶುದ್ಧತೆ ಸಿಗುತ್ತವೆ. ನೆಕ್ಲೇಸಿನ ಬಿಲ್ಲು ಕಳೆದಿತ್ತು, ಅಂಗಡಿಯವರು ಕಂಪ್ಯೂಟರಿನಿಂದ ಇನ್ನೊಂದು ಪ್ರತಿ ತೆಗೆದುಕೊಟ್ಟರು. ಕಷ್ಟವಾದದ್ದು ಅವಲಕ್ಕಿ ಸರ. ಅದು ತಾಯಿ ಕೊಟ್ಟದ್ದು, ಬಿಲ್ಲೆಂಬುದೇ ಇಲ್ಲ. ಮದುವೆ ಫೋಟೊದಲ್ಲಿ ಕೊರಳಲ್ಲಿ ಕಾಣುತ್ತದೆ, ಆದರೆ ಫೋಟೊ ಸರ ಇತ್ತೆಂದು ಹೇಳೀತೇ ಹೊರತು ಎಷ್ಟು ತೂಕವೆಂದು ಹೇಳದು. ಕೈಹಿಡಿದದ್ದು ಮಗಳ ಕಾಲೇಜು ಫೀಸಿಗೆಂದು ಹಿಂದೆ ಬ್ಯಾಂಕಿನಲ್ಲಿ ಮಾಡಿದ್ದ ಚಿನ್ನದ ಸಾಲ. ಅಡವಿಡುವಾಗ ಬ್ಯಾಂಕಿನ ಅಪ್ರೈಸರ್ ಬರೆದ ಚೀಟಿಯಲ್ಲಿ ‘ಅವಲಕ್ಕಿ ಸರ 1, ನಿವ್ವಳ ತೂಕ 20 ಗ್ರಾಂ, 22 ಕ್ಯಾರೆಟ್’ ಎಂದಿತ್ತು. ಹೊರಗಿನವರು ತೂಗಿ, ಉಜ್ಜಿ ನೋಡಿ ಬರೆದ ಇಂಥ ಚೀಟಿಗೆ ತೂಕ ಹೆಚ್ಚು.

ಬೆಲೆ ಕಟ್ಟುವಾಗ ಲೆಕ್ಕಕ್ಕೆ ಬರುವುದು ನಿವ್ವಳ ತೂಕ. ನೆಕ್ಲೇಸ್ ತಕ್ಕಡಿಯಲ್ಲಿ 21 ಗ್ರಾಂ ತೂಗಿದರೂ ಅದರಲ್ಲಿ ಕಲ್ಲು, ಅರಗು 5 ಗ್ರಾಂ, ಚಿನ್ನ 16 ಗ್ರಾಂ ಮಾತ್ರ. ಮೂರೂ ಸೇರಿ ಚಿನ್ನ 60 ಗ್ರಾಂ. ಮಜೂರಿ, ವೇಸ್ಟೇಜ್ ಸೇರುತ್ತದೆಯೇ ಎಂಬುದು ಪಾಲಿಸಿಯ ಮಾತಿನ ಮೇಲೆ ಹೋಗುತ್ತದೆ. ಬರೀ ಚಿನ್ನದ ಬೆಲೆಯನ್ನಷ್ಟೇ ಒಪ್ಪುವ ಪಾಲಿಸಿಗಳೂ ಇವೆ. ಅಮ್ಮನ ನೆನಪಿಗಂತೂ ಬೆಲೆಯಿಲ್ಲ.

ಲೆಕ್ಕ ಸುಲಭವಾಗಲೆಂದು ಕಳುವಾದ ದಿನ 22 ಕ್ಯಾರೆಟ್ ಚಿನ್ನ ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. ಹೋದದ್ದು 6 ಲಕ್ಷದ ಒಡವೆ. ಮೇಷ್ಟ್ರು ಒಡವೆಗೆ ಮಾಡಿಸಿದ್ದ ವಿಮೆ 5 ಲಕ್ಷ. ಐದಾದರೂ ಬರುತ್ತದೆಂದು ಅವರ ಎಣಿಕೆ. ಆದರೆ ಅಕ್ಕಿ ಡಬ್ಬದ್ದೂ ಸೇರಿ ಮನೆಯಲ್ಲಿದ್ದದ್ದು 10 ಲಕ್ಷದ ಒಡವೆ. ಪಾಲಿಸಿಯಲ್ಲಿ ‘ಆವರೇಜ್’ ಷರತ್ತಿದ್ದರೆ, ಹತ್ತರ ಸೊತ್ತಿಗೆ ಐದರ ವಿಮೆ ಇರುವುದರಿಂದ, ನಷ್ಟದಲ್ಲೂ ಅರ್ಧವಷ್ಟೇ ಸಿಗುತ್ತದೆ. ಆರರಲ್ಲಿ ಅರ್ಧ ಎಂದರೆ 3 ಲಕ್ಷ. ಚಿನ್ನದ ಬೆಲೆ ಏರಿದ ಹಾಗೆಲ್ಲ ವಿಮೆಯ ಮೊತ್ತವನ್ನು ಏರಿಸದವರಿಗೆ ಬೀಳುವ ಪೆಟ್ಟು ಇದೇ.

ಬೀರುವಿನ ಜೊತೆ ಮೇಜಿನ ಮೇಲಿದ್ದ ಲ್ಯಾಪ್‌ಟಾಪು, ಒಂದು ಹಳೆಯ ಫೋನೂ ಹೋಗಿದ್ದವು. ಲ್ಯಾಪ್‌ಟಾಪ್ ಮೂರು ವರ್ಷದ ಹಿಂದೆ 60,000 ಕೊಟ್ಟದ್ದು. ಅಂಥದ್ದೇ ಹೊಸದು ಇಂದು 50,000ಕ್ಕೆ ಸಿಗುವುದಾದರೆ ಲೆಕ್ಕ ಶುರುವಾಗುವುದು ಅಲ್ಲಿಂದ. ಪಾಲಿಸಿ ‘ಮಾರುಕಟ್ಟೆ ಬೆಲೆ’ಯದ್ದಾಗಿದ್ದು, ಸವಕಳಿಯೆಂದು ಸರ್ವೇಯರ್ ಶೇ. 30 ಕಳೆದರೆ ಕೈಗೆ 35,000. ‘ಹಳೆಯದಕ್ಕೆ ಹೊಸದು’ ಎಂಬ ಪಾಲಿಸಿಯಾದರೆ ಸವಕಳಿ ಕಳೆಯುವುದಿಲ್ಲ. ಬಿಲ್ಲಿಲ್ಲದಿದ್ದರೆ ಆನ್‌ಲೈನ್ ಖರೀದಿಯ ಇಮೇಲ್, ಸೀರಿಯಲ್ ನಂಬರಿರುವ ಖಾಲಿ ಡಬ್ಬಿ ಸಾಕ್ಷಿ ಹೇಳುತ್ತವೆ. ಫೋನಿನ ಐಎಂಇಐ ಸಂಖ್ಯೆಯೂ ಡಬ್ಬಿಯ ಮೇಲಿರುತ್ತದೆ. ಕೈಯಲ್ಲಿರುವ ಫೋನಿನಲ್ಲಿ *#06# ಒತ್ತಿ ಅದನ್ನು ಈಗಲೇ ಬರೆದಿಡಬಹುದು. ಪೊಲೀಸ್ ದೂರಿನ ಪ್ರತಿ ಇಟ್ಟುಕೊಂಡು ‘ಸಂಚಾರ್ ಸಾಥಿ’ ತಾಣದಲ್ಲಿ ಆ ಫೋನನ್ನು ಬ್ಲಾಕ್ ಮಾಡಿಸಬಹುದು.

ಕೊನೆಯ ಕಾಯುವಿಕೆ ಪೊಲೀಸರ ಅಂತಿಮ ವರದಿಗೆ. ಕಳ್ಳರು ಪತ್ತೆಯಾಗದಿದ್ದರೆ ನಮ್ಮಲ್ಲಿ ‘ಸಿ ರಿಪೋರ್ಟ್’ ಹಾಕುತ್ತಾರೆ, ವಿಮಾ ಕಂಪನಿಗಳು ಇದನ್ನು ಕೇಳುವುದುಂಟು. ತಿಂಗಳುಗಟ್ಟಲೆ ಆಗಬಹುದಾದ್ದರಿಂದ ಠಾಣೆಗೆ ಲಿಖಿತ ಮನವಿ ಕೊಟ್ಟು, ಅದರ ಪ್ರತಿಯನ್ನು ಕಂಪನಿಗೂ ಕಳಿಸುತ್ತಿರಬೇಕು. ದುಡ್ಡು ಬಂದ ಮೇಲೆ ಒಡವೆ ಸಿಕ್ಕಿದರೆ ಕಂಪನಿಗೆ ತಿಳಿಸಲೇಬೇಕು, ಅದರ ಮೇಲೆ ಅವರಿಗೂ ಹಕ್ಕಿರುತ್ತದೆ. ಕ್ಲೇಮು ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು, ಆಮೇಲೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಮೇಷ್ಟ್ರ ಹೆಂಡತಿ ಅಕ್ಕಿ ಡಬ್ಬದ ಒಡವೆಯನ್ನು ಅಂಗಡಿಗೆ ಒಯ್ದು ತೂಗಿಸಿದರು. ಒಂದೊಂದರ ಫೋಟೊ ತೆಗೆದು, ತೂಕ ಬರೆದು, ಮಗಳ ಇಮೇಲಿಗೆ ಕಳಿಸಿದರು. ನಲವತ್ತು ಅಂದುಕೊಂಡದ್ದು ತಕ್ಕಡಿಯಲ್ಲಿ ಮೂವತ್ತೆಂಟೂವರೆ ಇತ್ತು.