ಎಚ್‌ಡಿಆರ್ ಹಾಕಿದರೆ ಚಿತ್ರ ಬಿಳಿಚಿಕೊಳ್ಳುವುದೇಕೆ?

ಹೊಸ ಮಾನಿಟರಿನ ಡಬ್ಬದ ಮೇಲೆ ಎಚ್‌ಡಿಆರ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಆಸೆಯಿಂದ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ Use HDR ಆನ್ ಮಾಡಿದ್ದೇ ತಡ, ಕಪ್ಪೆಲ್ಲ ಬೂದಿಯಾಗಿ, ಬಣ್ಣಗಳು ಹತ್ತಾರು ಸಲ ಒಗೆದ ಸೀರೆಯಂತೆ ಮಾಸಿಹೋಗುತ್ತವೆ. ಮಾನಿಟರ್ ಕೆಟ್ಟಿಲ್ಲ, ಅದರಿಂದ ಕೇಳಿದ್ದು ಅದರ ಕೈಮೀರಿದ್ದು, ಅಷ್ಟೆ.

ಸಾಮಾನ್ಯ ವಿಡಿಯೊ ‘ಬಿಳಿಯ ಇಷ್ಟು ಪಾಲು’ ಎಂದಷ್ಟೇ ಹೇಳುತ್ತದೆ. ಆ ಬಿಳಿ ಎಷ್ಟು ಪ್ರಖರವಾಗಿರಬೇಕು ಎಂಬುದು ನಿಮ್ಮ ಬ್ರೈಟ್‌ನೆಸ್ ಬಟನ್ನಿಗೆ ಬಿಟ್ಟದ್ದು. ಎಚ್‌ಡಿಆರ್ ಹಾಗಲ್ಲ. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವ ಪಿಕ್ಯೂ ಪದ್ಧತಿಯಲ್ಲಿ ಒಂದೊಂದು ಅಂಕಿಗೂ ಇಂತಿಷ್ಟೇ ಬೆಳಕು ಎಂದು ನಿಗದಿಯಾಗಿದೆ, 10,000 ನಿಟ್‌ವರೆಗೆ. ಅದನ್ನು ಆದಷ್ಟು ಮುಟ್ಟಲೆಂದು ಅಗ್ಗದ ಮಾನಿಟರುಗಳು ಹಿಂಬದಿಯ ದೀಪವನ್ನು ಪೂರ್ತಿ ಏರಿಸಿಬಿಡುತ್ತವೆ.

ಎಡವಟ್ಟು ಇಲ್ಲಿಯೇ. ಎಲ್‌ಸಿಡಿ ಪರದೆ ತಾನಾಗಿ ಬೆಳಗುವುದಿಲ್ಲ, ಹಿಂದಿನ ದೀಪವನ್ನು ತಡೆಹಿಡಿಯುತ್ತದೆ; ಎಷ್ಟೇ ತಡೆದರೂ ಸ್ವಲ್ಪ ಸೋರುತ್ತದೆ. ಸಾಮಾನ್ಯ ಐಪಿಎಸ್ ಪರದೆಯಲ್ಲಿ ಸೋರುವುದು ಹೆಚ್ಚುಕಡಿಮೆ ಸಾವಿರದಲ್ಲೊಂದು ಪಾಲು. ದಿನದ ಕೆಲಸಕ್ಕೆ 120 ನಿಟ್ ಇಟ್ಟುಕೊಂಡರೆ ಕಪ್ಪಿನ ಜಾಗದಲ್ಲಿ 0.12 ನಿಟ್ ಇಣುಕುತ್ತದೆ. ಎಚ್‌ಡಿಆರ್ ಹಾಕಿ ದೀಪ 400ಕ್ಕೇರಿದರೆ ಅದೇ ಕಪ್ಪು 0.4 ಆಗುತ್ತದೆ, ಮೂರು ಪಟ್ಟಿಗೂ ಹೆಚ್ಚು. ಮೂಲೆಯಲ್ಲೊಂದು ಚಂದ್ರನನ್ನು ಬೆಳಗಿಸಲು ಇಡೀ ರಾತ್ರಿಯಾಕಾಶವೇ ಬೆಳ್ಳಗಾಗಬೇಕು. ದೀಪವನ್ನು ನೂರಾರು ವಲಯಗಳಾಗಿ ಒಡೆದು ಬೇಕಾದಲ್ಲಿ ಮಾತ್ರ ಉರಿಸುವ ಲೋಕಲ್ ಡಿಮ್ಮಿಂಗ್ ಇದ್ದರೆ ಈ ಕಷ್ಟ ಬಹಳ ಮಟ್ಟಿಗೆ ತಪ್ಪುತ್ತದೆ. ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಆರುವುದರಿಂದ ಸೋರಿಕೆಯ ಪ್ರಶ್ನೆಯೇ ಇಲ್ಲ. ಡಿಸ್‌ಪ್ಲೇ ಎಚ್‌ಡಿಆರ್ 400 ಎಂಬ ಮುದ್ರೆ ಇದ್ದ ಮಾತ್ರಕ್ಕೆ ಅಂಥ ವಲಯಗಳಿವೆ ಎಂದು ನಂಬಿ ದುಡ್ಡು ಕೊಡಬೇಡಿ.

ಓಎಲ್‌ಇಡಿ ಕೊಂಡವರೂ ‘ಮಾಸಲು’ ಎಂದು ಗೊಣಗುವುದುಂಟು. ಅವರ ತಕರಾರು ಸಾಮಾನ್ಯವಾಗಿ ಹಳೆಯ ಬಗೆಯ ವಿಡಿಯೊ, ಫೋಟೊಗಳ ಬಗ್ಗೆ. ಎಚ್‌ಡಿಆರ್ ಆನ್ ಇದ್ದಾಗ ವಿಂಡೋಸ್ ಅವನ್ನು ಎಸ್‌ಆರ್‌ಜಿಬಿ ರೇಖೆಯಂತೆ ಹೊಂದಿಸುತ್ತದೆ. ಮಾನಿಟರುಗಳು ಸಾಮಾನ್ಯವಾಗಿ ತೋರಿಸುವುದು ಗಾಮಾ 2.2ರಲ್ಲಿ. ಎರಡೂ ಬೇರೆಯಾಗುವುದು ಕಡುಗಪ್ಪಿನ ಹತ್ತಿರ: ಮೊದಲನೆಯದರಲ್ಲಿ ನೆರಳುಗಳು ಒಂದಿಷ್ಟು ತೆಳುವಾಗುತ್ತವೆ, ಕಪ್ಪು ಕೂದಲಿನ ಆಳ ಹೋಗುತ್ತದೆ. SDR content brightness ಸ್ಲೈಡರ್ ಇದಕ್ಕೆ ಮದ್ದಲ್ಲ, ಅದು ಒಟ್ಟು ಬೆಳಕನ್ನಷ್ಟೇ ಏರಿಳಿಸುತ್ತದೆ.

ನಿಮ್ಮದು ಯಾವ ರೋಗ? ಕೋಣೆಯ ದೀಪ ಆರಿಸಿ, ಪರದೆ ತುಂಬ ಕಪ್ಪು ಚಿತ್ರ ತೆರೆದು, ಮೂಲೆಯಲ್ಲೊಂದು ಪುಟ್ಟ ಬಿಳಿ ಕಿಟಕಿ ಇಡಿ. ಪೂರ್ತಿ ಕಪ್ಪಿದ್ದರೆ ಕೆಲವು ಮಾನಿಟರು ದೀಪವನ್ನೇ ಆರಿಸಿ ಯಾಮಾರಿಸುತ್ತವೆ. ಈಗ Win+Alt+B ಒತ್ತಿ ಎಚ್‌ಡಿಆರ್ ಹಾಕಿ ತೆಗೆದು ನೋಡಿ. ಕಪ್ಪೇ ಬೆಳ್ಳಗಾದರೆ ದೋಷ ದೀಪದ್ದು. ಎಚ್‌ಡಿಆರ್ ಆಫ್ ಇರುವುದೇ ಲೇಸು. ಕಪ್ಪು ಕದಲದೆ, ಹಳೆಯ ವಿಡಿಯೊಗಳ ನೆರಳು ಮಾತ್ರ ತೆಳುವಾದರೆ ದೋಷ ರೇಖೆಯದ್ದು. ಎಚ್‌ಡಿಆರ್ ಸಿನಿಮಾ, ಗೇಮ್‌ ಶುರುಮಾಡುವಾಗ ಅದೇ ಮೂರು ಕೀ ಒತ್ತಿ, ಮುಗಿದ ಮೇಲೆ ಇನ್ನೊಮ್ಮೆ ಒತ್ತಿ.