‘ಅರ್ಥವಾಗುವುದಿಲ್ಲ’ ಎಂದರೆ ಸಾಲದು: ಟೀಚರಿಗೆ ಬರೆದ ಒಂದು ಪತ್ರ

ಮಾನ್ಯ ಸದಸ್ಯರೇ,

ನಮ್ಮ ಸಂಘದ ಭಾನುವಾರದ ಓದಿನ ತರಗತಿಗೆ ಬರುವ ಕಾಸರಗೋಡು ಕಡೆಯ ಹುಡುಗಿಯೊಬ್ಬಳು ಕಳೆದ ತಿಂಗಳು ಒಂದು ಚೀಟಿ ಹಿಡಿದು ಬಂದಳು. ಅವಳು ಕನ್ನಡ ಮಾಧ್ಯಮದ ಎಂಟನೇ ತರಗತಿಯವಳು. ಮನೆಯಲ್ಲಿ ತುಳು, ಬಸ್ಸು ಪೇಟೆಯಲ್ಲಿ ಮಲಯಾಳ. ಪರೀಕ್ಷೆಯಲ್ಲಿ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳಿದರೆ ಅಂಕ ಬರುವುದಿಲ್ಲ. ಮುಂದಿನ ವರ್ಷ ಮಾಧ್ಯಮವನ್ನೇ ಬದಲಿಸುವ ಮಾತು ಮನೆಯಲ್ಲಿ ಎದ್ದಿತ್ತು. ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: “ಟೀಚರ್, ನನಗೆ ಪಾಠ ಅರ್ಥವಾಗುವುದಿಲ್ಲ, ದಯವಿಟ್ಟು ಸಹಾಯ ಮಾಡಿ.”

ನಾವು ನೌಕರಿಯ ಕಾಲವೆಲ್ಲ ಅರ್ಜಿಗಳನ್ನು ಓದಿದವರು. ‘ತೊಂದರೆಯಿದೆ, ಕ್ರಮ ಕೈಗೊಳ್ಳಿ’ ಎಂಬ ಅರ್ಜಿ ಕಡತದಲ್ಲೇ ಉಳಿಯುತ್ತದೆ. ಯಾವ ಸರ್ವೆ ನಂಬರು, ಏನು ತಪ್ಪು, ಏನಾಗಬೇಕು ಎಂದು ಬರೆದ ಅರ್ಜಿಗೆ ಕೆಲಸವಾಗುತ್ತದೆ. ನಲವತ್ತು ಮಕ್ಕಳಿರುವ ಟೀಚರಿಗೂ ಅಷ್ಟೇ. ಆದ್ದರಿಂದ ಪತ್ರಕ್ಕೆ ಮೊದಲು, ಅರ್ಥ ಎಲ್ಲಿ ಕೈತಪ್ಪುತ್ತದೆ ಎಂದು ಅವಳೊಡನೆ ಕುಳಿತು ಹುಡುಕಿದೆವು.

ಓದಲು ನಾವೇ ಎರಡು ವಾಕ್ಯ ಬರೆದುಕೊಟ್ಟೆವು:

“ಮಳೆ ನಿಂತ ಮೇಲೆ ತೋಟಕ್ಕೆ ಹೋದ ಅಣ್ಣನನ್ನು ಹುಡುಕಿಕೊಂಡು ಹೊರಟ ತಂಗಿಗೆ ಸಂಕದ ಬಳಿ ಮುದುಕರೊಬ್ಬರು ಸಿಕ್ಕಿದರು. ಅವನು ತಮ್ಮನ್ನು ಸಂಕ ದಾಟಿಸದೆ ಹೋಗಲಿಲ್ಲವೆಂದೂ ಅವಸರದಲ್ಲಿ ಕೊಡೆ ಮರೆತುಬಿಟ್ಟನೆಂದೂ ಅವರು ಹೇಳಿದರು.”

ಅವಳು ಒಂದು ಅಕ್ಷರವೂ ತಪ್ಪದೆ ಗಟ್ಟಿಯಾಗಿ ಓದಿದಳು. ಆದರೆ ಉತ್ತರಗಳು ಹೀಗಿದ್ದವು. ಹುಡುಕಲು ಹೋದವರು ಯಾರು? “ಅಣ್ಣ.” ಅವನು ಮುದುಕರನ್ನು ಸಂಕ ದಾಟಿಸಿದನೇ? “ಇಲ್ಲ, ತಮ್ಮನನ್ನು ದಾಟಿಸಲಿಲ್ಲ.” ಕೊಡೆ ಮರೆತದ್ದು ಏಕೆ? “ಏನೋ ಅವಕಾಶ ಸಿಕ್ಕಿದ್ದಕ್ಕೆ.”

ಆಮೇಲೆ ಅವಳು ಪುಸ್ತಕ ಮುಚ್ಚಿದಳು, ಅದೇ ವಾಕ್ಯಗಳನ್ನು ನಾವು ಓದಿ ಹೇಳಿದೆವು. ಉತ್ತರ ಬದಲಾಗಲಿಲ್ಲ. ಈ ಎರಡನೆಯ ಪರೀಕ್ಷೆ ಮುಖ್ಯ. ಕೇಳಿದಾಗ ಅರ್ಥವಾಗಿ ಓದಿದಾಗ ಆಗದಿದ್ದರೆ ತೊಡಕು ಅಕ್ಷರ, ಒತ್ತಕ್ಷರಗಳಲ್ಲಿದೆ. ಅಂಥ ಮಗುವಿಗೆ ಗಟ್ಟಿಯಾಗಿ ಓದುವ ಅಭ್ಯಾಸ ಬೇಕು. ಕೇಳಿದಾಗಲೂ ಆಗದಿದ್ದರೆ ತೊಡಕು ವಾಕ್ಯದಲ್ಲೂ ಪದದಲ್ಲೂ ಇದೆ. ಅಂಥ ಮಗುವಿಗೆ ಎಷ್ಟು ಗಟ್ಟಿಯಾಗಿ ಓದಿಸಿದರೂ ಪ್ರಯೋಜನವಿಲ್ಲ. ಇವಳದು ಎರಡನೆಯದು.

ತಪ್ಪುಗಳನ್ನು ಒಂದೊಂದಾಗಿ ನೋಡೋಣ. ‘ಹೊರಟ’ ಎಂಬಲ್ಲಿ ಅವಳು ನಿಲ್ಲಿಸಿದ್ದಳು. ಮಾತಿನಲ್ಲಿ ‘ಅವನು ಹೊರಟ’ ಎಂದರೆ ವಾಕ್ಯ ಮುಗಿಯಿತು. ಬರಹದಲ್ಲಿ ಅದೇ ರೂಪ ಮುಂದಿನ ನಾಮಪದಕ್ಕೆ ವಿಶೇಷಣವೂ ಆಗುತ್ತದೆ: ‘ಹೊರಟ ತಂಗಿ’. ‘ಹೋದ’, ‘ಬಂದ’, ‘ಹೇಳಿದ’ ಎಲ್ಲವೂ ಹೀಗೆಯೇ. ಅವಳು ‘ಅಣ್ಣ ಹೊರಟ’ ಎಂದು ಮುಗಿಸಿಕೊಂಡಳು. ‘ಅಣ್ಣನನ್ನು’ ಎಂಬುದರ ವಿಭಕ್ತಿ ಅವಳ ಕಣ್ಣಿಗೆ ಬೀಳಲೇ ಇಲ್ಲ.

‘ದಾಟಿಸದೆ ಹೋಗಲಿಲ್ಲ’ ಎಂಬಲ್ಲಿ ಎರಡು ನಿಷೇಧಗಳಿವೆ. ‘ಇಲ್ಲ’ ಕಣ್ಣಿಗೆ ಕಾಣುತ್ತದೆ, ‘-ಅದೆ’ ಪದದೊಳಗೆ ಅಡಗಿದೆ. ಎರಡೂ ಸೇರಿದರೆ ‘ದಾಟಿಸಿಯೇ ಹೋದ’ ಎಂದಾಗುತ್ತದೆ. ಅದೇ ವಾಕ್ಯದ ‘ತಮ್ಮನ್ನು’ ಎಂದರೆ ಮಾತಾಡುವ ಮುದುಕರೇ. ಅದನ್ನು ‘ತಮ್ಮನನ್ನು’ ಎಂದು ಓದಿ, ಕಥೆಯಲ್ಲಿ ಇಲ್ಲದ ಹುಡುಗನೊಬ್ಬನನ್ನು ಅವಳು ತಂದುಬಿಟ್ಟಿದ್ದಳು.

‘ಅವಸರ’ದ ತಪ್ಪು ನಮ್ಮ ಗಡಿ ಊರುಗಳಿಗೇ ವಿಶೇಷ. ಮಲಯಾಳದಲ್ಲಿ ‘ಅವಸರಂ’ ಎಂದರೆ ಅವಕಾಶ. ‘ಅವಕಾಶಂ’ ಎಂದರೆ ಹಕ್ಕು. ಆಂಧ್ರದ ಕಡೆಯ ಮಕ್ಕಳು ‘ಅವಸರ’ವನ್ನು ‘ಅಗತ್ಯ’ ಎಂದು ತಿಳಿದಾರು, ಏಕೆಂದರೆ ತೆಲುಗಿನಲ್ಲಿ ಅದರ ಅರ್ಥ ಅದೇ. ಅಕ್ಕಲಕೋಟೆ, ಜತ್ತ ಕಡೆಯ ಮಕ್ಕಳಿಗೆ ‘ಪ್ರಪಂಚ’ ಎಂದರೆ ಮರಾಠಿಯ ಹಾಗೆ ‘ಸಂಸಾರ’ ಎಂದು ತೋರಬಹುದು. ಇಂಥ ಪದಗಳ ಅಪಾಯವೆಂದರೆ ಮಗು ಸಂಶಯವನ್ನೇ ಪಡುವುದಿಲ್ಲ. ಗೊತ್ತಿಲ್ಲದ ಪದವಾದರೆ ಕೇಳುತ್ತದೆ. ಗೊತ್ತಿದೆ ಎಂದುಕೊಂಡ ಪದವನ್ನು ಯಾರೂ ಕೇಳುವುದಿಲ್ಲ.

ಇಷ್ಟು ತಿಳಿದ ಮೇಲೆ ಅವಳೇ ಪತ್ರ ಬರೆದಳು. ನಾವು ತಿದ್ದಿದ್ದು ಕಾಗುಣಿತವನ್ನು ಮಾತ್ರ. ಅವಳ ಒಪ್ಪಿಗೆ ಪಡೆದು ಕೆಳಗೆ ಕೊಟ್ಟಿದ್ದೇವೆ.

“ಕನ್ನಡ ಟೀಚರಿಗೆ ನಮಸ್ಕಾರಗಳು.

ವಿಷಯ: ಓದಿನ ಅಭ್ಯಾಸಕ್ಕೆ ಸ್ವಲ್ಪ ಸಮಯ ಕೊಡುವ ಬಗ್ಗೆ.

ಟೀಚರ್, ನನಗೆ ಪಾಠವನ್ನು ತಪ್ಪಿಲ್ಲದೆ ಓದಲು ಬರುತ್ತದೆ. ಆದರೆ ಓದಿದ್ದನ್ನು ಕೇಳಿದರೆ ಉತ್ತರ ತಪ್ಪಾಗುತ್ತದೆ. ಎಲ್ಲಿ ತಪ್ಪುತ್ತದೆ ಎಂದು ನೋಡಿಕೊಂಡಿದ್ದೇನೆ. ಒಂದು, ಉದ್ದ ವಾಕ್ಯದಲ್ಲಿ ‘ಹೋದ’, ‘ಹೊರಟ’ ಬಂದ ಕೂಡಲೇ ವಾಕ್ಯ ಮುಗಿಯಿತು ಎಂದುಕೊಳ್ಳುತ್ತೇನೆ, ಆಗ ಯಾರು ಏನು ಮಾಡಿದರು ಎಂದು ಅದಲುಬದಲಾಗುತ್ತದೆ. ಎರಡು, ‘ಮಾಡದೆ ಇರಲಿಲ್ಲ’ ಎಂದಿದ್ದರೆ ‘ಮಾಡಲಿಲ್ಲ’ ಎಂದು ಬರೆಯುತ್ತೇನೆ. ಮೂರು, ಕೆಲವು ಪದಗಳಿಗೆ ಮಲಯಾಳದ ಅರ್ಥ ಹಾಕುತ್ತೇನೆ.

ಪಾಠ ಮಾಡುವಾಗ ನೀವು ಅರ್ಥ ಹೇಳಿಬಿಡುತ್ತೀರಿ, ಆಗ ತಿಳಿಯುತ್ತದೆ. ಮೊದಲೇ ಓದಿರದ ಗದ್ಯವಾದರೆ ತಿಳಿಯುವುದಿಲ್ಲ. ಆದ್ದರಿಂದ ವಾರಕ್ಕೆ ಎರಡು ದಿನ, ಮಧ್ಯಾಹ್ನದ ಊಟದ ಬಿಡುವಿನಲ್ಲಿ 15 ನಿಮಿಷ, ಪಾಠಪುಸ್ತಕದಲ್ಲಿ ಇಲ್ಲದ ಐದಾರು ಸಾಲು ಓದಲು ಕೊಡಬಹುದೇ? ನಾನು ಓದಿ ನನ್ನ ಮಾತಿನಲ್ಲಿ ಬರೆದು ತೋರಿಸುತ್ತೇನೆ. ಸರಿ ಉತ್ತರ ಕೂಡಲೇ ಹೇಳಬೇಡಿ, ಯಾವ ಸಾಲು ತಪ್ಪಿದೆ ಎಂದು ಗುರುತು ಮಾತ್ರ ಹಾಕಿ. ಆರು ವಾರ ಮಾಡಿ ನೋಡುತ್ತೇನೆ.

ನಿಮ್ಮ ವಿದ್ಯಾರ್ಥಿನಿ,
ಎಂಟನೇ ತರಗತಿ”

ಕೊನೆಯ ಕೋರಿಕೆಯನ್ನು ಗಮನಿಸಿ. ಸರಿ ಉತ್ತರ ಹೇಳಿಬಿಟ್ಟರೆ ಮಗು ಅದನ್ನು ಬಾಯಿಪಾಠ ಮಾಡುತ್ತದೆ. ಸಾಲು ತೋರಿಸಿದರೆ ತಿರುಗಿ ಓದುತ್ತದೆ. ಪತ್ರ ಓದಿದ ಟೀಚರು, “ಇಷ್ಟು ಚೆನ್ನಾಗಿ ಓದುವವಳು ಉತ್ತರ ಬರೆಯುವಾಗ ಉದಾಸೀನ ಮಾಡುತ್ತಾಳೆ ಎಂದುಕೊಂಡಿದ್ದೆ” ಎಂದರಂತೆ. ಮಂಗಳವಾರ, ಶುಕ್ರವಾರ ಒಪ್ಪಿಕೊಂಡಿದ್ದಾರೆ.

ಈಗ ನಾಲ್ಕು ವಾರವಾಗಿದೆ. ಅವಳು ಪ್ರತಿ ಉದ್ದ ವಾಕ್ಯವನ್ನೂ ಸಣ್ಣ ವಾಕ್ಯಗಳಾಗಿ ಒಡೆಯುತ್ತಾಳೆ: ಮಳೆ ನಿಂತಿತು. ಅಣ್ಣ ತೋಟಕ್ಕೆ ಹೋದ. ತಂಗಿ ಅವನನ್ನು ಹುಡುಕಲು ಹೊರಟಳು. ಅವಳಿಗೆ ಮುದುಕರು ಸಿಕ್ಕಿದರು. ‘ಯಾರು, ಯಾರನ್ನು’ ಎಂಬ ತಪ್ಪು ಬಹಳ ಕಡಿಮೆಯಾಗಿದೆ. ಎರಡು ನಿಷೇಧದ ವಾಕ್ಯಗಳಲ್ಲಿ ಇನ್ನೂ ಎಡವುತ್ತಾಳೆ. ಪದಗಳಿಗೆ ನೋಟುಪುಸ್ತಕದ ಕೊನೆಯಲ್ಲಿ ಎರಡು ಕಾಲಂ ಮಾಡಿದ್ದಾಳೆ, ‘ಅಲ್ಲಿ’, ‘ಇಲ್ಲಿ’ ಎಂದು. ಹದಿನೇಳು ಪದ ಸೇರಿವೆ. ಆರನೇ ವಾರ ಅವಳು ಹಿಂದೆ ನೋಡಿರದ ಗದ್ಯ ಕೊಟ್ಟು ಪರೀಕ್ಷಿಸುವುದೆಂದು ಟೀಚರು ಹೇಳಿದ್ದಾರೆ. ಓದಿದ ಗದ್ಯವನ್ನೇ ಮತ್ತೆ ಕೊಟ್ಟರೆ ತಿಳಿಯುವುದು ನೆನಪೇ ಹೊರತು ಓದಲ್ಲ. ಮಾಧ್ಯಮದ ಮಾತನ್ನು ಅಲ್ಲಿಯವರೆಗೆ ತಡೆಯಲು ಮನೆಯವರು ಒಪ್ಪಿದ್ದಾರೆ.

ಸದಸ್ಯರಲ್ಲಿ ಒಂದು ವಿನಂತಿ. ನಿಮ್ಮ ಊರಿನ ನೆರೆಭಾಷೆಯಲ್ಲಿ ಒಂದರ್ಥ, ಕನ್ನಡದಲ್ಲಿ ಬೇರೆ ಅರ್ಥ ಇರುವ ಪದಗಳನ್ನು ಒಂದು ಹಾಳೆಯಲ್ಲಿ ಬರೆದು ಸಂಘಕ್ಕೆ ಕಳುಹಿಸಿ. ಊರವಾರು ಪಟ್ಟಿ ಮಾಡಿ ಓದಿನ ತರಗತಿಗಳಿಗೆ ಹಂಚುತ್ತೇವೆ.

ಇಂತು,
ಕಾರ್ಯದರ್ಶಿ