ಮ್ಯಾನೇಜರ್‌ಗೆ ಬರೆಯುವ ನಾಲ್ಕು ಸಾಲು

ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದು ಅಂದುಕೊಳ್ಳಿ. ಮಧ್ಯಾಹ್ನ ಎರಡಕ್ಕೆ ಶಿಫ್ಟ್ ಬದಲು. ಬ್ಯಾಚ್ ಪ್ಲಾನ್ ಬದಲಾಗಿದೆ ಅಂತ ಮ್ಯಾನೇಜರ್ ಹೇಳುವುದು ಹತ್ತು ನಿಮಿಷ ಮುಂಚೆ, ಅದೂ ಫೋನಿನಲ್ಲಿ.

‘ನೀವು ಯಾವಾಗಲೂ ಕೊನೇ ಗಳಿಗೆಯಲ್ಲಿ ಹೇಳ್ತೀರಿ’ ಅಂತ ಬರೆದರೆ ಅವರು ಆ ‘ಯಾವಾಗಲೂ’ ಹಿಡಿದೇ ವಾದಕ್ಕೆ ನಿಲ್ಲುತ್ತಾರೆ. ಹೀಗೆ ಬರೆಯಿರಿ:

‘ಸರ್, ಮಂಗಳವಾರ ಪ್ಲಾನ್ ಬದಲಾದದ್ದು ನಮಗೆ 1:50ಕ್ಕೆ ಗೊತ್ತಾಯಿತು. ಅಷ್ಟರಲ್ಲಿ ಹಳೇ ಬ್ಯಾಚಿನ ಕಚ್ಚಾವಸ್ತು ತೂಗಿ ಆಗಿತ್ತು. ವಾಪಸ್ ಕಳಿಸಿ ಹೊಸದನ್ನು ತೂಗಲು ಎರಡು ಗಂಟೆ ಹಿಡಿಯಿತು. ಇನ್ನುಮುಂದೆ 1 ಗಂಟೆಗೇ ಲಾಗ್‌ಬುಕ್‌ನಲ್ಲಿ ಬರೆಸಲು ಆಗುತ್ತದೆಯೇ? ಪ್ಲಾನಿಂಗ್‌ನವರಿಂದಲೇ ತಡವಾಗುತ್ತಿದ್ದರೆ ತಿಳಿಸಿ, ಬೇರೆ ದಾರಿ ನೋಡೋಣ.’

ಆ ಕೊನೇ ಸಾಲು ಬಿಡಬೇಡಿ. ತಪ್ಪು ಅವರದಲ್ಲದೆಯೂ ಇರಬಹುದು. ಅವರೊಬ್ಬರಿಗೇ ಕಳಿಸಿ. ಪ್ಲಾಂಟ್ ಹೆಡ್‌ಗೆ ಸಿಸಿ ಹಾಕಿದರೆ ಅದು ದೂರು ಕೊಟ್ಟಂತಾಗುತ್ತದೆ. ಸುರಕ್ಷತೆಯ ಲೋಪವಾದರೆ ಮಾತ್ರ ಕಾಯಬೇಡಿ, ನೇರ ಸೇಫ್ಟಿ ವಿಭಾಗಕ್ಕೆ ತಿಳಿಸಿ.